ಹರಿದ ಶಬ್ದಮಣಿದರ್ಪಣ ಮತ್ತು ಒಂದು ಪಾಲುಪಟ್ಟಿ

"ಸತ್ತು ನೂರು ವರ್ಷ ದಾಟಿದವರು ಏನು ಓದಿದ್ದರು ಅಂತ ನೀವು ಹೇಗೆ ಹೇಳ್ತೀರಿ?" ಮೂರು ವರ್ಷ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಈಗ ಹೇಳಬಲ್ಲೆ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಮನೆಯ ಪಂಡಿತರು ಅವರು, ತೀರಿಕೊಂಡದ್ದು 1911ರಲ್ಲಿ. ಹೆಸರು ಹಾಕುವುದು ಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ.

ಕೈಯಲ್ಲಿದ್ದದ್ದು ಎರಡು ಪಟ್ಟಿ. ಒಂದು, ಅವರ ಮಕ್ಕಳ ಪಾಲುಪಟ್ಟಿ. ಇನ್ನೊಂದು, ಅವರ ಪುಸ್ತಕಗಳನ್ನು ದಾನ ಪಡೆದ ವಾಚನಾಲಯದ ದಾಖಲೆ ಪುಸ್ತಕ. ಪಾಲುಪಟ್ಟಿಯಲ್ಲಿ ಸುಮಾರು ನಲವತ್ತು ಪುಸ್ತಕ. ಬರೆದವನು ಗುಮಾಸ್ತ, ಅವನಿಗೆ ಮುಖ್ಯವಾದದ್ದು ಬೆಲೆ. ಹಾಗಾಗಿ "ಶಬ್ದಮಣಿ, ಹರಿದದ್ದು, 1" ಅಂತ ಬರೆದು ಮುಂದೆ ಹೋಗಿದ್ದಾನೆ. ಶಬ್ದಮಣಿ ಅಂದರೆ ಶಬ್ದಮಣಿದರ್ಪಣ, ಕೇಶಿರಾಜನ ಹಳಗನ್ನಡ ವ್ಯಾಕರಣ. ಆದರೆ ಯಾವ ಮುದ್ರಣ?

ವಾಚನಾಲಯದಲ್ಲಿ ಆ ಪುಸ್ತಕ ಸಿಕ್ಕಿತು, ಆದರೆ ಮುಖಪುಟವೇ ಇಲ್ಲ. ನಾನು ಮಾಡಿದ್ದು ಇಷ್ಟೆ. ನಡುವಿನ ಮೂರು ಪುಟ ಆರಿಸಿ, ಪ್ರತಿ ಸಾಲು ಯಾವ ಅಕ್ಷರಕ್ಕೆ ಮುರಿಯುತ್ತದೆ ಅಂತ ಬರೆದುಕೊಂಡೆ. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಬಂದ ಕಿಟೆಲ್ ಮುದ್ರಣದ ಸ್ಕ್ಯಾನ್ ತೆರೆದು ಸಾಲು ಸಾಲಾಗಿ ಹೋಲಿಸಿದೆ. ಮೂರೂ ಪುಟ ಕೂಡಿ ಬಂದವು. ಮೊಳೆ ಹೊಸದಾಗಿ ಜೋಡಿಸಿದ ಮುದ್ರಣವಾದರೆ ಸಾಲು ಎಲ್ಲಾದರೂ ತಪ್ಪಿಯೇ ತಪ್ಪುತ್ತದೆ. ಒಂದೇ ಪುಟ ನೋಡಿ ನಂಬಬೇಡಿ, ಮೊದಲು ನಾನೇ ಹಾಗೆ ಮೋಸ ಹೋಗಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಎಲೆ ಉದುರುತ್ತಿತ್ತು ಅಂತ ವಾಚನಾಲಯದವರನ್ನು ಒಪ್ಪಿಸಿ ಬೈಂಡಿಂಗಿಗೆ ಕೊಡಿಸಿದೆ. ಸಾವಿರದ ಇನ್ನೂರು ರೂಪಾಯಿ ಕೈಯಿಂದ ಹಾಕಿದೆ. ಅಂಚು ಸಮ ಮಾಡಲು ಕಾಲಿಂಚು ಕತ್ತರಿಸಿದರು. ಅಂಚಿನ ಟಿಪ್ಪಣಿಗಳ ಒಂದೊಂದು ಅಕ್ಷರ ಅದರೊಟ್ಟಿಗೇ ಹೋಯಿತು. ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿದ್ದ ಹದಿನೈದಿಪ್ಪತ್ತು ಪುಟ ಮಾತ್ರ ಉಳಿಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆ ಟಿಪ್ಪಣಿಗಳದ್ದೇ ದೊಡ್ಡ ಜಗಳ. "ಮಾಷ್ಟ್ರೇ, ಇದು ಮಲಯಾಳ ಅಲ್ವಾ? ಮತ್ತೆ ಯಾರದ್ದೋ ಕೈಗೆ ಹೋದ ಪುಸ್ತಕ ಇದು, ಬಿಡಿ" ಅಂದರು ತಿಳಿದವರೇ. ಕಂದು ಶಾಯಿಯ ಅಕ್ಷರ ದೂರಕ್ಕೆ ಹಾಗೇ ಕಾಣುತ್ತದೆ, ಸುಳ್ಳಲ್ಲ. ಆದರೆ ಅದು ತಿಗಳಾರಿ. ನಮ್ಮ ಕಡೆ ಪೂಜೆ, ಪ್ರಯೋಗದ ಪುಸ್ತಕ ಬರೆಯುತ್ತಿದ್ದ ಲಿಪಿ. ಪಂಡಿತರೇ ನಕಲು ಮಾಡಿದ ಒಂದು ಪ್ರಯೋಗ ಪುಸ್ತಕ ಮನೆಯ ಅಟ್ಟದಲ್ಲಿತ್ತು. ಕೊನೆಯಲ್ಲಿ ಅವರ ಹೆಸರು, ವಿಕೃತಿ ಸಂವತ್ಸರ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಲೆಕ್ಕ, ಅವರ ಕಾಲಕ್ಕೆ ಹೊಂದುವುದು 1890 ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು ಕೆಲವು ಅಕ್ಷರಗಳ ತಿರುವು ನೋಡಿದೆ. ಯಾವ ಅಕ್ಷರ ನೋಡಿದರೆ ಬೇಗ ಗೊತ್ತಾಗುತ್ತದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕೈ ಒಂದೇ.

ಬರೆದದ್ದೇನು? ಕೇಶಿರಾಜನ ೞಕಾರದ ಶಬ್ದಗಳ ಬಳಿ, ಮೞೆ, ಕೋೞಿ ಇರುವಲ್ಲಿ, "ಮಲೆಯಾಳದಲ್ಲಿ ಈಗಲೂ ಉಂಟು" ಅನ್ನುವ ಅರ್ಥದ ಚಿಕ್ಕ ಟಿಪ್ಪಣಿ. ಕನ್ನಡದಲ್ಲಿ ಎಂದೋ ಸತ್ತ ಅಕ್ಷರವನ್ನು ಇವರು ನೆರೆಮನೆಯವರ ಬಾಯಲ್ಲಿ ದಿನಾ ಕೇಳುತ್ತಿದ್ದರು! ಗಡಿಯಲ್ಲಿ ಕೂತು ಓದಿದವರಿಗೆ ಮಾತ್ರ ಹೊಳೆಯುವ ಮಾತು ಇದು.

ಅದೇ ಪುಟಗಳಲ್ಲಿ ಪೆನ್ಸಿಲಿನ ಕನ್ನಡ ಟಿಪ್ಪಣಿಯೂ ಇದೆ, ಅರ್ಧ ಅಳಿಸಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕಾಗದಕ್ಕೆ ತಾಗಿದಂತೆ ಅಡ್ಡ ಹಿಡಿದರೆ ಒತ್ತಿದ ಗೀರು ನೆರಳಾಗಿ ಏಳುತ್ತದೆ. "ಕಿಟೆಲ್ ಪು." ಅಂತ ಬರೆದು ಒಂದು ಸಂಖ್ಯೆ. ನಿಘಂಟು ತೆಗೆದು ನೋಡಿದರೆ ಆ ಪುಟದಲ್ಲಿ ಅದೇ ಶಬ್ದ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ. ಅಂದರೆ ಈ ಪೆನ್ಸಿಲ್ ಓದು ಅದರ ನಂತರದ್ದು. ಶಾಯಿಯದ್ದು ಯಾವಾಗಿನದ್ದು ಅಂತ ಇದರಿಂದ ಹೇಳಲಾಗದು.

ನಡುವೆ ಹುಳದ ತೂತಿನ ಹಿಂದೆಯೂ ಒಂದು ತಿಂಗಳು ಹೋದೆ. ಪಾರದರ್ಶಕ ಹಾಳೆಯಲ್ಲಿ ತೂತು ಗುರುತು ಮಾಡಿ ಬೇರೆ ಪುಸ್ತಕಗಳ ಮೇಲಿಟ್ಟೆ. ಒಂದು ಜೈಮಿನಿ ಭಾರತದ ಹಿಂದಿನ ರಟ್ಟಿಗೆ ಸರಿಯಾಗಿ ಕೂತಿತು. ಎರಡೂ ಒಂದಕ್ಕೊಂದು ಒತ್ತಿ ನಿಂತಿದ್ದವು ಅನ್ನುವುದು ಖಚಿತ. ಆದರೆ ಅದು ಪಂಡಿತರ ಮನೆಯಲ್ಲೋ ವಾಚನಾಲಯದ ಕಪಾಟಿನಲ್ಲೋ ಅಂತ ತೂತು ಹೇಳುವುದಿಲ್ಲ. ಲೆಕ್ಕಕ್ಕೆ ಹಿಡಿಯಲಿಲ್ಲ.

ಒಟ್ಟು ಖರ್ಚು ಹದಿನೆಂಟು ಸಾವಿರ ಆಗಿರಬಹುದು. ಜಾಸ್ತಿ ಹೋದದ್ದು ಬಸ್ಸಿಗೆ ಮತ್ತು ದಾಖಲೆಯ ನಕಲಿಗೆ. ನಲವತ್ತರಲ್ಲಿ ಇಪ್ಪತ್ತೈದರಷ್ಟು ಪುಸ್ತಕದ ಮುದ್ರಣ ಗೊತ್ತಾಯಿತು. ಓದಿದ ಗುರುತು ಇರುವುದು ಒಂಬತ್ತರಲ್ಲಿ. ಎರಡರಲ್ಲಂತೂ ಮಡಿಕೆಯ ಅಂಚು ಸೀಳಿಯೇ ಇಲ್ಲ. ಕೊಂಡಿದ್ದರು, ಓದಿರಲಿಲ್ಲ.

ಉಳಿದದ್ದು ನಿಘಂಟಿನ ಪ್ರಶ್ನೆ. ಎರಡೂ ಪಟ್ಟಿಯಲ್ಲಿ ಅದಿಲ್ಲ. ಅಷ್ಟು ದೊಡ್ಡ, ಬೆಲೆಯ ಪುಸ್ತಕ ಗುಮಾಸ್ತನ ಕಣ್ಣು ತಪ್ಪುವುದಿಲ್ಲ. ಎರವಲು ತಂದದ್ದೇ ಇರಬೇಕು ಅಂತ ಅವರ ತಂಗಿಯನ್ನು ಕೊಟ್ಟ ಮನೆಗೆ ಹೋದೆ. ಅಲ್ಲಿ 1894ರ ಪ್ರತಿ ಒಂದಿತ್ತು. ಹೇಳಿದ ಪುಟ ತೆರೆದೆ. ಆ ಶಬ್ದದ ಪಕ್ಕ ಪೆನ್ಸಿಲಿನ ಒಂದು ಸಣ್ಣ ಗೀಟು. ಗೀಟಿಗೆ ಕೈಬರಹ ಇಲ್ಲ, ಅದನ್ನೇ ಸಾಕ್ಷಿ ಅನ್ನಲಾರೆ. ಆದರೆ ಟಿಪ್ಪಣಿಯಲ್ಲಿ ಬರೆದಿಟ್ಟ ಇನ್ನೂ ಆರು ಪುಟ ತೆರೆದೆ. ಐದರಲ್ಲಿ ಗೀಟಿತ್ತು.