ರೈತ ಕಂಪನಿಯ ವಾರ್ಷಿಕ ವರದಿಯನ್ನು ಇಂಗ್ಲಿಷಿಗೆ ತರುವುದು ಹೇಗೆ?

ರೈತ ಉತ್ಪಾದಕರ ಕಂಪನಿಯ ವಾರ್ಷಿಕ ವರದಿಯನ್ನು ಬರೆಯುವುದು ಮಹಾಸಭೆಯಲ್ಲಿ ಚಾಪೆಯ ಮೇಲೆ ಕೂತ ಸದಸ್ಯರಿಗಾಗಿ. ಅದೇ ವರದಿಯನ್ನು ಜರ್ಮನಿಯ ಮಸಾಲೆ ವ್ಯಾಪಾರಿ ಓದಿದರೆ ಅವನಿಗೆ ಬೇಕಾದದ್ದು ಬೇರೆಯೇ: ಇವರ ಬಳಿ ಎಷ್ಟು ಮಾಲಿದೆ, ಅದು ಎಲ್ಲಿಂದ ಬರುತ್ತದೆ, ಹೇಳಿದ್ದಕ್ಕೆ ಕಾಗದ ಇದೆಯೇ? ಬ್ಯಾಡಗಿ ಮೆಣಸಿನಕಾಯಿ ಮಾರುವ ಹಾವೇರಿ ಕಡೆಯ ಒಂದು ಕಂಪನಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಹಾಕಿದವು. ತಪ್ಪುಗಳು ಮಾತ್ರ ನಾನು ಕಂಡವು, ಕೆಲವು ನಾನೇ ಮಾಡಿದವು.

ಮೊದಲು ಲೆಕ್ಕಪರಿಶೋಧಕರ ಕಡತ ತರಿಸಿ

ಕನ್ನಡ ವರದಿಯ ಹಿಂದೆ ಲೆಕ್ಕಪರಿಶೋಧಕರು ಸಹಿ ಹಾಕಿದ ಅಢಾವೆ ಪತ್ರಿಕೆ ಇರುತ್ತದೆ, ಅದು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಸವಕಳಿ, ಮೀಸಲು ನಿಧಿ, ಆಖೈರು ಶಿಲ್ಕು ಇವಕ್ಕೆಲ್ಲ ಅಲ್ಲಿರುವ ಪದಗಳನ್ನೇ ಎತ್ತಿಕೊಳ್ಳಿ. ನೀವು ಹೊಸ ಪದ ಹುಡುಕಿದರೆ ಖರೀದಿದಾರನ ಕೈಯಲ್ಲಿ ಒಂದೇ ಮೊತ್ತಕ್ಕೆ ಎರಡು ಹೆಸರು ಸಿಗುತ್ತದೆ, ಅವನು ಎರಡು ಬೇರೆ ಮೊತ್ತವೆಂದು ತಿಳಿಯುತ್ತಾನೆ. ಕಂಪನಿಯ ಹೆಸರನ್ನಂತೂ ಅನುವಾದಿಸಲೇಬೇಡಿ. ಬೋರ್ಡಿನಲ್ಲಿ 'ರೈತ ಉತ್ಪಾದಕರ ಸಂಸ್ಥೆ' ಎಂದೋ 'ಸಂಘ' ಎಂದೋ ಇರಬಹುದು. ಕಾನೂನಿನ ಪ್ರಕಾರ ಹೆಸರು 'ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್' ಎಂದು ಮುಗಿಯಬೇಕು. ನೋಂದಣಿ ಪ್ರಮಾಣಪತ್ರದಲ್ಲಿರುವ ಅಕ್ಷರಗಳನ್ನು ಹಾಗೆಯೇ ಇಳಿಸಿ.

'ವಹಿವಾಟು' ಎಂಬ ಪದವನ್ನು ಬಿಚ್ಚಿ

ನಮ್ಮ ವರದಿಯಲ್ಲಿ 'ಒಟ್ಟು ವಹಿವಾಟು ₹7.30 ಕೋಟಿ' ಎಂದಿದೆ. ಇದನ್ನು ನೇರವಾಗಿ 'ಟರ್ನೋವರ್' ಎಂದು ಬರೆದರೆ ಖರೀದಿದಾರ ಅಷ್ಟು ಮಾರಾಟವಾಗಿದೆ ಎಂದುಕೊಳ್ಳುತ್ತಾನೆ. ಆದರೆ ಸಹಕಾರ ಸಂಘಗಳ ಹಳೆಯ ರೂಢಿಯಂತೆ ಕೆಲವು ಕಂಪನಿಗಳೂ ಖರೀದಿ, ಮಾರಾಟ ಎರಡನ್ನೂ ಕೂಡಿಸಿ ವಹಿವಾಟು ಎನ್ನುತ್ತವೆ. ಲಾಭ-ನಷ್ಟ ತಖ್ತೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ: ಖರೀದಿ 3.52 ಕೋಟಿ, ಮಾರಾಟ 3.78 ಕೋಟಿ. ಟರ್ನೋವರ್ ಎನ್ನಬೇಕಾದದ್ದು ಎರಡನೆಯದನ್ನು ಮಾತ್ರ. ಅದರಲ್ಲೂ 2.26 ಕೋಟಿ ಸದಸ್ಯರಿಗೆ ಮಾರಿದ ಗೊಬ್ಬರ, ಬೀಜದ್ದು. ಮೆಣಸಿನಕಾಯಿಯದು 1.52 ಕೋಟಿ. ಖರೀದಿದಾರನಿಗೆ ಬೇಕಾದ ಅಂಕಿ ಇದು. ಕ್ವಿಂಟಾಲಿಗೆ ಸರಾಸರಿ 20,000 ರೂಪಾಯಿಯಂತೆ 760 ಕ್ವಿಂಟಾಲ್, ಅಂದರೆ 76 ಟನ್. 7.30 ಕೋಟಿ ಎಂದು ನಂಬಿ ಮುನ್ನೂರು ಟನ್ ಕೇಳಿದರೆ ಕಂಪನಿ ಎಲ್ಲಿಂದ ತರಬೇಕು?

ಕೋಟಿ, ಲಕ್ಷಗಳನ್ನು ಮಿಲಿಯನ್ನಿಗೆ ಇಳಿಸುವಾಗ ಅಲ್ಪವಿರಾಮದ ಜಾಗವನ್ನೂ ಬದಲಿಸಬೇಕು: 1,52,00,000 ಎಂಬುದು 15,200,000 ಆಗುತ್ತದೆ, ಅಂದರೆ 15.2 ಮಿಲಿಯನ್ ರೂಪಾಯಿ. ಡಾಲರಿಗೋ ಯೂರೋಗೋ ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಹಟ ಹಿಡಿದು ಕೇಳಿದರೆ ಯಾವ ದಿನದ ದರವೆಂದು ಪಕ್ಕದಲ್ಲೇ ಬರೆಯಿರಿ.

ವರ್ಷದ ವಿಷಯದಲ್ಲೂ ಎಚ್ಚರ ಬೇಕು. '2023-24' ಎಂದರೆ ಏಪ್ರಿಲಿನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷ. ಮುಂಗಾರಿನಲ್ಲಿ ನಾಟಿಯಾದ ಬ್ಯಾಡಗಿ ಕಾಯಿಯ ಬಿಡಿಸುವಿಕೆ ಜೋರಾಗುವುದು ಜನವರಿಯಿಂದ ಮಾರ್ಚ್‌ವರೆಗೆ. ಆ 76 ಟನ್ನಿನಲ್ಲಿ ಹಿಂದಿನ ಸುಗ್ಗಿಯದು ಎಷ್ಟು, ಹೊಸದು ಎಷ್ಟು ಎಂದು ಕೇಳಿ ಬರೆದರೆ ಅನುಕೂಲ. ಶೀತಲಗೃಹದಲ್ಲಿದ್ದರೂ ಕಾಯಿಯ ಬಣ್ಣ ದಿನ ಕಳೆದಂತೆ ಇಳಿಯುತ್ತದೆ, ಖರೀದಿದಾರ ದುಡ್ಡು ಕೊಡುವುದೇ ಬಣ್ಣಕ್ಕೆ.

ಎಕರೆಯ ಚುಕ್ಕಿ

ನಾನು ಮುಗ್ಗರಿಸಿದ ಜಾಗ ಇದು. ಸದಸ್ಯರ ಪಟ್ಟಿಯಲ್ಲಿ ಒಬ್ಬರಿಗೆ 2.30 ಎಕರೆ, ಇನ್ನೊಬ್ಬರಿಗೆ 1.20 ಎಕರೆ ಎಂದಿತ್ತು. ಕಂಪ್ಯೂಟರಿನಲ್ಲಿ ಕೂಡಿಸಿದೆ, 3.50 ಬಂತು. ಪಹಣಿ ಓದಿ ಬೆಳೆದವರಿಗೆ ಗೊತ್ತಿರುವಂತೆ ಆ ಚುಕ್ಕಿಯ ನಂತರದ್ದು ದಶಮಾಂಶವಲ್ಲ, ಗುಂಟೆ. ಎಕರೆಗೆ ನಲವತ್ತು ಗುಂಟೆ. 2 ಎಕರೆ 30 ಗುಂಟೆ ಎಂದರೆ 2.75, 1 ಎಕರೆ 20 ಗುಂಟೆ ಎಂದರೆ 1.5, ಕೂಡಿದರೆ 4.25 ಎಕರೆ. ಇಬ್ಬರ ಲೆಕ್ಕದಲ್ಲೇ ಮುಕ್ಕಾಲು ಎಕರೆ ಹೋಯಿತು, ಐನೂರು ಸದಸ್ಯರ ಪಟ್ಟಿಯಲ್ಲಿ ಎಷ್ಟು ಹೋಗಬೇಡ! ಪತ್ತೆ ಹಚ್ಚುವುದು ಸುಲಭ: ಇಡೀ ಪಟ್ಟಿಯಲ್ಲಿ ಚುಕ್ಕಿಯ ನಂತರ 39ಕ್ಕಿಂತ ದೊಡ್ಡ ಸಂಖ್ಯೆ ಎಲ್ಲೂ ಇಲ್ಲದಿದ್ದರೆ ಅದು ಗುಂಟೆ. ಮೊದಲು ದಶಮಾಂಶಕ್ಕೆ ತಂದು, ಕೂಡಿಸಿ, ಕೊನೆಗೆ 0.4047ರಿಂದ ಗುಣಿಸಿ ಹೆಕ್ಟೇರು ಬರೆಯಿರಿ.

ಕಾಗದವಿಲ್ಲದ ಪದಗಳು

'ನಮ್ಮ ರೈತರು ಸಾವಯವ ಪದ್ಧತಿಯಲ್ಲಿ ಬೆಳೆಯುತ್ತಾರೆ' ಎಂಬ ವಾಕ್ಯ ಬಹುತೇಕ ವರದಿಗಳಲ್ಲಿ ಇರುತ್ತದೆ. ಊರಿನ ಮಾತಿನಲ್ಲಿ ಇದರ ಅರ್ಥ ಕೊಟ್ಟಿಗೆ ಗೊಬ್ಬರ, ಜೀವಾಮೃತ ಹಾಕುತ್ತಾರೆ ಎಂದು. ಇಂಗ್ಲಿಷಿನಲ್ಲಿ 'ಆರ್ಗ್ಯಾನಿಕ್' ಎಂದೊಡನೆ ಯುರೋಪಿನವನು ಪ್ರಮಾಣಪತ್ರದ ಸಂಖ್ಯೆ ಕೇಳುತ್ತಾನೆ. ರೈತರ ಗುಂಪುಗಳೇ ಪರಸ್ಪರ ಪರಿಶೀಲಿಸಿ ಕೊಡುವ ಪಿಜಿಎಸ್-ಇಂಡಿಯಾ ಪ್ರಮಾಣಪತ್ರವಿದ್ದರೂ ಅದು ದೇಶದೊಳಗಿನ ಮಾರಾಟಕ್ಕೆ ಮಾತ್ರ. ರಫ್ತಿಗೆ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮವಾದ ಎನ್‌ಪಿಒಪಿ ಅಡಿಯ ಪ್ರಮಾಣೀಕರಣ ಬೇಕು. ಅದಿಲ್ಲದಿದ್ದರೆ ಹಾಕಿದ್ದೇನೋ ಅದನ್ನೇ ಬರೆಯಿರಿ: ಇಷ್ಟು ರೈತರು ಕೊಟ್ಟಿಗೆ ಗೊಬ್ಬರ ಮತ್ತು ಜೀವಾಮೃತ ಬಳಸುತ್ತಾರೆ, ಪ್ರಮಾಣೀಕರಣ ಆಗಿಲ್ಲ.

ಅದೇ ವರದಿಯ ಇನ್ನೊಂದು ಪುಟದಲ್ಲಿ 'ಸಕಾಲಕ್ಕೆ ಔಷಧಿ ಸಿಂಪಡಿಸಲಾಯಿತು' ಎಂದಿರುತ್ತದೆ. ಈ ಔಷಧಿ ಕೀಟನಾಶಕ ಅಥವಾ ಶಿಲೀಂಧ್ರನಾಶಕ. ಉತ್ತರ ಕರ್ನಾಟಕದ ಕೆಲವೆಡೆ ಇದನ್ನೇ ಎಣ್ಣೆ ಹೊಡೆಯುವುದು ಎನ್ನುತ್ತಾರೆ. 'ಮೆಡಿಸಿನ್' ಎಂದು ಅನುವಾದಿಸಿದರೆ ನಗೆಪಾಟಲು, 'ಎಣ್ಣೆ'ಯನ್ನು 'ಆಯಿಲ್' ಎಂದರೆ ಬೇವಿನ ಎಣ್ಣೆ ಎಂಬ ತಪ್ಪು ಭರವಸೆ. ಯಾವ ಔಷಧಿ ಎಂದು ಕೇಳಿ ಅದರ ತಾಂತ್ರಿಕ ಹೆಸರು ಹಾಕಿ. ಹೇಗೂ ಉಳಿಕೆ ಅಂಶದ ಪರೀಕ್ಷೆಯಲ್ಲಿ ಅದು ಹೊರಬರುತ್ತದೆ.

'ಮೆಣಸು' ಎಂದಷ್ಟೇ ಇದ್ದ ಕಡೆಯೂ ನಿಲ್ಲಿ. ಒಣ ಮೆಣಸಿನಕಾಯಿ ಮತ್ತು ಕಾಳುಮೆಣಸು ಅಂತರರಾಷ್ಟ್ರೀಯ ಸುಂಕ ಪಟ್ಟಿಯಲ್ಲಿ 0904 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಪುಡಿ ಮಾಡದ ಒಣ ಕಾಯಿ 0904 21, ಪುಡಿ ಮಾಡದ ಕಾಳುಮೆಣಸು 0904 11. ಸಂಕೇತ ಬರೆದುಬಿಟ್ಟರೆ ಗೊಂದಲವಿಲ್ಲ. ಬ್ಯಾಡಗಿ ಕಾಯಿಯ ಬಗೆಗಳಾದ ಡಬ್ಬಿ, ಕಡ್ಡಿ ಎಂಬ ಹೆಸರುಗಳನ್ನು ಹಾಗೇ ಉಳಿಸಿ, ಮೊದಲನೆಯದು ಗುಂಡಗೆ ಸುಕ್ಕುಗಟ್ಟಿದ್ದು, ಎರಡನೆಯದು ಉದ್ದ, ತೆಳು ಎಂದು ಒಮ್ಮೆ ವಿವರಿಸಿದರೆ ಸಾಕು. 'ಬೋನಸ್' ನೌಕರರದ್ದಲ್ಲ, ಸದಸ್ಯರು ಕೊಟ್ಟ ಮಾಲಿಗೆ ತಕ್ಕಂತೆ ಮಿಗುತಾಯದಿಂದ ಹಂಚಿದ್ದು. ಕಂಪನಿ ಕಾಯ್ದೆಯಲ್ಲಿ ಅದಕ್ಕೆ 'ಪೇಟ್ರನೇಜ್ ಬೋನಸ್' ಎಂಬ ಹೆಸರೇ ಇದೆ.

ಏನನ್ನು ಬಿಡಬಹುದು

ಷೇರುದಾರ ಬಂಧುಗಳಿಗೆ ವಂದನೆ, ಇಲಾಖೆಗಳಿಗೆ ಕೃತಜ್ಞತೆ, ಸನ್ಮಾನದ ವಿವರ ಇವನ್ನೆಲ್ಲ ನಾಲ್ಕು ಸಾಲಿಗೆ ಇಳಿಸಿ. ಸಂಕ್ಷಿಪ್ತಗೊಳಿಸಿದ್ದೇವೆ ಎಂದು ಮೊದಲ ಪುಟದಲ್ಲೇ ತಿಳಿಸಿ. ಲೆಕ್ಕಪರಿಶೋಧಕರ ಆಕ್ಷೇಪಣೆ ಒಂದು ಸಾಲಿನದಾದರೂ ಬಿಡುವಂತಿಲ್ಲ. 'ಅದನ್ನು ಯಾಕೆ ಹಾಕುತ್ತೀರಿ ಸರ್' ಎಂದು ನಿರ್ದೇಶಕರು ಕೇಳಿಯೇ ಕೇಳುತ್ತಾರೆ, ಹಾಕಿ.

ತಿರುಗಿ ಓದಿ ಹೇಳಿ

ಮುಗಿದ ಮೇಲೆ ಕಂಪನಿಯ ಕಾರ್ಯನಿರ್ವಾಹಕರನ್ನು ಎದುರು ಕೂರಿಸಿಕೊಂಡು, ಕನ್ನಡ ವರದಿಯನ್ನು ಮುಚ್ಚಿಟ್ಟು, ಇಂಗ್ಲಿಷನ್ನು ನೋಡುತ್ತಾ ಕನ್ನಡದಲ್ಲಿ ಹೇಳುತ್ತಾ ಹೋಗಿ. ಒಮ್ಮೆ ಹೀಗೆ ಓದುವಾಗ 'ಕಂಪನಿಯ ಒಡೆತನದ ಶೀತಲಗೃಹ' ಎಂದೆ. ಅವರು ತಲೆಯೆತ್ತಿದರು. "ಒಡೆತನದ್ದಲ್ಲ ಸರ್, ಬ್ಯಾಡಗಿಯಲ್ಲಿ ಬಾಡಿಗೆಗೆ ಇಡುತ್ತೇವೆ." ವರದಿಯಲ್ಲಿ ಇದ್ದದ್ದು 'ನಮ್ಮ ಶೀತಲಗೃಹ' ಎಂದು. ನಾವು ಬಾಡಿಗೆ ಮನೆಯನ್ನೂ ನಮ್ಮ ಮನೆ ಎನ್ನುವವರಲ್ಲವೇ? ಆ ಸಾಲನ್ನು ತಿದ್ದಿ, ಬಾಡಿಗೆ ಕರಾರಿನ ಅವಧಿಯನ್ನೂ ಸೇರಿಸಿದೆವು.