ಮಕ್ಕಳ ಕಣ್ಣು ತಪಾಸಣೆಯ ಪ್ರಕಟಣೆ: ನಾನು ಒಂದೊಂದು ಸಾಲನ್ನೂ ಹೇಗೆ ಬರೆಯುತ್ತೇನೆ

ಸಾಗರ ಪೇಟೆಯಲ್ಲಿ ನಮ್ಮದೊಂದು ಸಣ್ಣ ಕನ್ನಡಕದ ಅಂಗಡಿ ಇದೆ. ನಾನು ಆಪ್ಟೋಮೆಟ್ರಿ ಓದಿದವನು. ಪವರ್ ನೋಡುವುದು ನನ್ನ ಕೆಲಸ, ಗಾಜು ಕೂರಿಸುವುದು ತಮ್ಮನ ಕೆಲಸ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಹತ್ತಿರದ ಶಾಲೆಯೊಂದರಲ್ಲಿ ಮಕ್ಕಳಿಗೆ ಉಚಿತ ತಪಾಸಣೆ ಇಟ್ಟುಕೊಳ್ಳುತ್ತೇವೆ. ಜೂನ್, ಜುಲೈನಲ್ಲಿ ಮಾಡಿ ಅಂತ ಶಿಕ್ಷಕರು ಕೇಳುತ್ತಾರೆ. ಆದರೆ ಆಗ ನಮ್ಮ ಕಡೆ ಮಳೆ ರಜೆ ಯಾವತ್ತು ಬೀಳುತ್ತದೋ ಗೊತ್ತಿಲ್ಲ, ಕರೆಂಟಿನ ಕಥೆಯೂ ಅಷ್ಟೇ.

ತಪಾಸಣೆ ಚೆನ್ನಾಗಿ ಆಗುವುದೋ ಇಲ್ಲವೋ ಅನ್ನೋದು ಮುಕ್ಕಾಲು ಪಾಲು ಪ್ರಕಟಣೆಯಲ್ಲೇ ತೀರ್ಮಾನವಾಗುತ್ತದೆ. "ಉಚಿತ ಶಿಬಿರ, ಎಲ್ಲರೂ ಸದುಪಯೋಗ ಪಡೆದುಕೊಳ್ಳಿ" ಅಂತ ಬರೆದರೆ ಜನ ಬರುತ್ತಾರೆ, ಆದರೆ ಬೇಕಾದದ್ದು ತರುವುದಿಲ್ಲ, ಬೇಕಾದವರು ಜೊತೆಗಿರುವುದಿಲ್ಲ. ಅದಕ್ಕೇ ನಾನು ಹೀಗೆ ಬರೆಯುತ್ತೇನೆ:

"ಶಾಲಾ ಮಕ್ಕಳಿಗೆ ಕಣ್ಣು ತಪಾಸಣೆ. ಭಾನುವಾರ, ಶಾಲೆಯ ಸಭಾಂಗಣದಲ್ಲಿ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ. 1ರಿಂದ 4ನೇ ತರಗತಿಯವರು 9 ಗಂಟೆಗೆ, 5ರಿಂದ 7ನೇ ತರಗತಿಯವರು 10 ಗಂಟೆಗೆ, 8ರಿಂದ 10ನೇ ತರಗತಿಯವರು 10:45ಕ್ಕೆ ಬನ್ನಿ. ಅಣ್ಣ, ತಂಗಿ ಇಬ್ಬರೂ ಇದ್ದರೆ ಚಿಕ್ಕವರ ಸಮಯಕ್ಕೇ ಬನ್ನಿ. 11:30ರ ನಂತರ ಸರದಿ ಚೀಟಿ ಕೊಡುವುದಿಲ್ಲ.

ಮಗುವಿನ ಜೊತೆ ತಂದೆ ಅಥವಾ ತಾಯಿ ಇರಲಿ. ಹಳೆಯ ಕನ್ನಡಕ ಇದ್ದರೆ, ಮುರಿದಿದ್ದರೂ ತನ್ನಿ. ಹಳೆಯ ಚೀಟಿ, ಈಗ ಹಾಕುತ್ತಿರುವ ಔಷಧಿ ತನ್ನಿ. ಕಣ್ಣು ಓರೆಯಾದ ಹಾಗೆ ಯಾವಾಗಲಾದರೂ ಕಂಡಿದ್ದರೆ ಆಗ ತೆಗೆದ ಫೋಟೋ ಮೊಬೈಲ್‌ನಲ್ಲಿರಲಿ. ಒಂದು ಟೋಪಿ ಅಥವಾ ಕೊಡೆ ತನ್ನಿ. ತಿಂಡಿ ತಿನ್ನಿಸಿ ಕರೆತನ್ನಿ. ಅವತ್ತು ಕಾಡಿಗೆ ಬೇಡ, ತಲೆಗೆ ಎಣ್ಣೆ ಬೇಡ. ಕಣ್ಣು ಕೆಂಪಾಗಿ ಪಿಸುರು ಬರುತ್ತಿದ್ದರೆ ಶಿಬಿರಕ್ಕೆ ಬರಬೇಡಿ, ಮೊದಲು ಡಾಕ್ಟರಿಗೆ ತೋರಿಸಿ.

ಕೆಲವು ಮಕ್ಕಳಿಗೆ ಡಾಕ್ಟರ್ ಕಣ್ಣಿಗೆ ಡ್ರಾಪ್ಸ್ ಹಾಕಬೇಕಾಗಬಹುದು. ಅದಕ್ಕೆ ಪೋಷಕರ ಸಹಿ ಬೇಕು. ಪವರ್ ಬರೆದ ಚೀಟಿ ನಿಮ್ಮ ಕೈಗೇ ಕೊಡುತ್ತೇವೆ, ಕನ್ನಡಕ ಎಲ್ಲಿ ಬೇಕಾದರೂ ಮಾಡಿಸಿ."

ಉದ್ದವಾಯಿತು, ಹೌದು. ಮಡಚಿ ಡೈರಿಯೊಳಗೆ ಇಡುವಷ್ಟರ ಚೀಟಿಯಲ್ಲಿ ಹಿಡಿಸುತ್ತದೆ. ಒಂದು ಸಾಲು ತೆಗೆದರೂ ಅವತ್ತು ಮೇಜಿನ ಮುಂದೆ ಅದರ ಲೆಕ್ಕ ಬರುತ್ತದೆ.

ಸಮಯದಿಂದ ಶುರು ಮಾಡುತ್ತೇನೆ. ಅಕ್ಷರದ ಪಟ್ಟಿ ಓದಿಸುವುದಕ್ಕೆ ಒಂದು ಮಗುವಿಗೆ ಮೂರು ನಿಮಿಷ ಸಾಕು. ಎರಡು ಪಟ್ಟಿ ನೇತುಹಾಕಿದರೆ ಗಂಟೆಗೆ ನಲವತ್ತು ಮಕ್ಕಳು ಸಲೀಸಾಗಿ ಮುಗಿಯುತ್ತಾರೆ. ಕಷ್ಟ ಇರುವುದು ಅಲ್ಲಲ್ಲ. ಪಟ್ಟಿಯಲ್ಲಿ ತಡವರಿಸಿದ ಮಗುವನ್ನು ಕೂರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡುವ ರೆಟಿನೋಸ್ಕೋಪ್ ಹಿಡಿದು, ಟ್ರಯಲ್ ಫ್ರೇಮಿನಲ್ಲಿ ಗಾಜು ಬದಲಾಯಿಸಿ ಪವರ್ ನೋಡುವುದಕ್ಕೆ ಹದಿನೈದು ನಿಮಿಷ ಬೇಕು. ಗಂಟೆಗೆ ನಾಲ್ಕು ಮಕ್ಕಳು, ಅಷ್ಟೇ. ಡ್ರಾಪ್ಸ್ ಹಾಕಿದ ಮಗುವಾದರೆ ಔಷಧಿ ಹಿಡಿಯುವವರೆಗೆ ಅರ್ಧ ಮುಕ್ಕಾಲು ಗಂಟೆ ಕಾಯಬೇಕು, ಆಮೇಲೆ ಇನ್ನೊಂದು ಸಲ ನೋಡಬೇಕು. 12 ಗಂಟೆಗೆ ಬಂದ ಮಗುವಿಗೆ ಇದೆಲ್ಲ ಮಾಡಿ 1 ಗಂಟೆಗೆ ಮುಗಿಸುವುದು ಆಗದ ಮಾತು. 11:30ಕ್ಕೆ ಸರದಿ ಚೀಟಿ ನಿಲ್ಲಿಸುವುದು ಅದಕ್ಕೇ.

ಚಿಕ್ಕವರನ್ನು ಮೊದಲು ಕರೆಯುವುದಕ್ಕೂ ಇದೇ ಕಾರಣ. ಡ್ರಾಪ್ಸ್ ಬೇಕಾಗುವುದು ಅವರಿಗೇ ಜಾಸ್ತಿ. ಚಿಕ್ಕ ಮಕ್ಕಳ ಕಣ್ಣಿಗೆ ಹತ್ತಿರದ್ದನ್ನು ನೋಡಲು ಬಿಗಿ ಹಿಡಿಯುವ ಶಕ್ತಿ ತುಂಬಾ ಇರುತ್ತದೆ. ಪವರ್ ಅಳೆಯುವ ಕಂಪ್ಯೂಟರ್ ಯಂತ್ರದೊಳಗೆ ಇಣುಕಿದಾಗಲೂ ಹಾಗೇ ಬಿಗಿ ಹಿಡಿಯುತ್ತಾರೆ. ಆಗ ಯಂತ್ರವು ಕಣ್ಣಿನಲ್ಲಿ ಇಲ್ಲದ ಮೈನಸ್ ತೋರಿಸುತ್ತದೆ, ಇಲ್ಲವೇ ಇರುವ ಪ್ಲಸ್ಸನ್ನು ಮುಚ್ಚಿಡುತ್ತದೆ. ಯಂತ್ರದ ಚೀಟಿ ನೋಡಿ ನೇರವಾಗಿ ಮಕ್ಕಳಿಗೆ ಕನ್ನಡಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ಸೈಕ್ಲೋಪೆಂಟೋಲೇಟ್ ಡ್ರಾಪ್ಸ್ ಆ ಬಿಗಿತವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಅದನ್ನು ಹಾಕುವುದು ಕಣ್ಣಿನ ಡಾಕ್ಟರ್, ನಾನಲ್ಲ. ಹಾಗಾಗಿ ಡಾಕ್ಟರ್ ಬರುವುದು ಖಚಿತವಾದ ಮೇಲೇ ತಾರೀಕು ಹಾಕುತ್ತೇನೆ.

ಡ್ರಾಪ್ಸ್ ಬಿದ್ದ ಮೇಲೆ ಕಣ್ಣಿನ ಪಾಪೆ ಅಗಲವಾಗಿ ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಮಂಜಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ಟೋಪಿ ಅಥವಾ ಕೊಡೆ ಅಂದದ್ದು ಇದಕ್ಕೆ. ಹಳ್ಳಿಯಿಂದ ಬರುವ ಏಳನೇ ತರಗತಿ ಹುಡುಗ ಒಬ್ಬನೇ ಬಸ್ ಹತ್ತಿ ಬಂದಿದ್ದರೆ, ಅವನಿಗೆ ಡ್ರಾಪ್ಸ್ ಹಾಕಿ ಒಬ್ಬನನ್ನೇ ವಾಪಸ್ ಕಳಿಸುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಟೆಸ್ಟ್ ಇದೆಯಾ ಅಂತಲೂ ಕೇಳುತ್ತೇವೆ. ಇದ್ದರೆ ಬೇರೆ ದಿನ ಆಸ್ಪತ್ರೆಗೆ ಬರಲು ಡಾಕ್ಟರ್ ಬರೆದುಕೊಡುತ್ತಾರೆ.

ಇನ್ನು ಪಟ್ಟಿಯ ವಿಷಯ. ಆರು ಮೀಟರ್ ಅಳೆದು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಪಟ್ಟಿಯ ಹಿಂದೆ ಕಿಟಕಿ ಇರಬಾರದು, ಬೆಳಕು ಕಣ್ಣಿಗೆ ಹೊಡೆದರೆ ಒಳ್ಳೆ ಕಣ್ಣಿನ ಮಗುವೂ ತಡವರಿಸುತ್ತದೆ. ಸಾಲಿನಲ್ಲಿ ನಿಂತ ಮಕ್ಕಳನ್ನು ಬಾಗಿಲಿನ ಆಚೆಗೇ ನಿಲ್ಲಿಸಬೇಕು. ಇಲ್ಲದಿದ್ದರೆ ಮುಂದಿನವರು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಕಣ್ಣು ಕಾಣದಿದ್ದರೂ ಕೊನೆ ಸಾಲಿನವರೆಗೆ ಗಡಗಡ ಒಪ್ಪಿಸುತ್ತಾರೆ! ಚಿಕ್ಕವರಿಗೆ ಇ ಪಟ್ಟಿ ಸಲೀಸು. ಇ ಅಕ್ಷರದ ಕಾಲು ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು, ನಾವು ಯಾವ ಸಾಲಿನಿಂದ ಬೇಕಾದರೂ ಕೇಳಬಹುದು.

ಕಣ್ಣು ಮುಚ್ಚುವುದನ್ನು ಮಗುವಿನ ಬೆರಳಿಗೆ ಬಿಡಬಾರದು. ಹಿಂದಿನೊಂದು ಶಿಬಿರಕ್ಕೆ ಮೂರನೇ ತರಗತಿಯ ಹುಡುಗನೊಬ್ಬ ಬಂದಿದ್ದ. ಬಲಗಣ್ಣಲ್ಲಿ 6/6, ಒಂದೂ ತಪ್ಪಿಲ್ಲ. ಬಲಗಣ್ಣು ಮುಚ್ಚಿಸಿ ಎಡಗಣ್ಣು ನೋಡಲು ಹೋದರೆ ಕತ್ತು ಮೆಲ್ಲಗೆ ಎಡಕ್ಕೆ ತಿರುಗುತ್ತಿತ್ತು, ಬೆರಳುಗಳ ನಡುವೆ ಸಂದಿ ಬಿಡುತ್ತಿತ್ತು. ತುಂಟತನ ಅಂದುಕೊಂಡು ಬಿಟ್ಟುಬಿಡುವಂಥದ್ದೇ. ನನ್ನ ತಮ್ಮ ಹಿಂದಿನಿಂದ ಬಂದು ತನ್ನ ಅಂಗೈಯನ್ನೇ ಬಟ್ಟಲಿನ ಹಾಗೆ ಮಾಡಿ ಬಲಗಣ್ಣು ಮುಚ್ಚಿದ. ಹುಡುಗ ಸುಮ್ಮನಾದ. ಎಡಗಣ್ಣಲ್ಲಿ ಓದಿದ್ದು 6/36, ಅಂದರೆ ಉಳಿದವರಿಗೆ 36 ಮೀಟರ್ ದೂರದಿಂದ ಕಾಣುವ ಅಕ್ಷರ ಅವನಿಗೆ 6 ಮೀಟರಿಗೆ ಬಂದರೆ ಮಾತ್ರ ಕಾಣುತ್ತದೆ. ಸಣ್ಣ ತೂತಿನ ಪಿನ್‌ಹೋಲ್ ಇಟ್ಟರೆ 6/24. ಬರೀ ಪವರ್ ತೊಂದರೆಯಾದರೆ ಪಿನ್‌ಹೋಲಿನಲ್ಲಿ ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಕಾಣಬೇಕು. ಇಷ್ಟೇ ಸುಧಾರಿಸಿತೆಂದರೆ ಬೇರೆ ಏನೋ ಇದೆ ಅಂತ ಅನುಮಾನ ಬರುತ್ತದೆ.

ಡ್ರಾಪ್ಸ್ ಇಲ್ಲದೆ ನೋಡಿದಾಗ ಎಡಗಣ್ಣಿಗೆ +2.50 ಬಂತು. ಅವನ ಜೊತೆ ಬಂದಿದ್ದವರು ಅಜ್ಜ. "ಇವನ ಅಪ್ಪಯ್ಯ ತೋಟದ ಕೆಲ್ಸದಾಗಿದಾನೆ, ನಂಗೇನೂ ಗೊತ್ತಿಲ್ಲ ಮಾರಾಯ್ರೇ, ನೀವೇ ನೋಡಿ" ಅಂದರು. ಕಣ್ಣು ಯಾವಾಗಲಾದರೂ ಓರೆಯಾಗುತ್ತಿತ್ತಾ, ಮನೆಯಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲೇ ಕನ್ನಡಕ ಬಂದಿತ್ತಾ ಅಂತ ಡಾಕ್ಟರ್ ಕೇಳಿದರೆ ಅಜ್ಜನ ಹತ್ತಿರ ಉತ್ತರ ಇರಲಿಲ್ಲ. ಸಹಿ ಹಾಕಲೂ ಅವರು ಹಿಂದೆಮುಂದೆ ನೋಡಿದರು, ಅದು ಸಹಜ ಅಲ್ವಾ. ತಾಯಿಗೆ ಫೋನ್ ಮಾಡಿ ಕರೆಸಿದೆವು. ಅವರು ಬಂದವರೇ ಮೊಬೈಲ್ ತೆಗೆದು ಒಂದು ಮದುವೆ ಮನೆಯ ಫೋಟೋ ತೋರಿಸಿದರು. ನಿದ್ದೆಗಣ್ಣಿನ ಹುಡುಗ, ಎಡಗಣ್ಣು ಮೂಗಿನ ಕಡೆ ಜಾರಿದೆ. "ನಿದ್ದೆಗೆ ಹಾಗಾಗ್ತದೆ ಅಂತ ಬಿಟ್ವಿ" ಅಂದರು. ಡಾಕ್ಟರಿಗೆ ಬೇಕಾಗಿದ್ದದ್ದು ಅದೇ. ಇಂಥ ಓರೆ ಕೆಲವು ಮಕ್ಕಳಲ್ಲಿ ದಣಿದಾಗ ಮಾತ್ರ ಕಾಣುತ್ತದೆ, ಬೆಳಿಗ್ಗೆ ತಪಾಸಣೆಗೆ ಬಂದಾಗ ಕಣ್ಣು ನೆಟ್ಟಗೇ ಇರುತ್ತದೆ. ಫೋಟೋ ತನ್ನಿ ಅನ್ನುವ ಸಾಲು ಪ್ರಕಟಣೆಗೆ ಸೇರಿದ್ದು ಆ ಭಾನುವಾರದ ನಂತರ.

ಡ್ರಾಪ್ಸ್ ಹಾಕಿ ನೋಡಿದಾಗ ಎಡಗಣ್ಣು +4.00, ಬಲಗಣ್ಣು +0.75. ಬಲಗಣ್ಣು ಎಲ್ಲ ಕೆಲಸ ಮಾಡಿಕೊಂಡು ಹೋಗುತ್ತಿದ್ದುದರಿಂದ ಎಡಗಣ್ಣು ನೋಡುವುದನ್ನು ಕಲಿತೇ ಇರಲಿಲ್ಲ. ಇದನ್ನೇ ಸೋಮಾರಿ ಕಣ್ಣು ಅನ್ನುವುದು. ಹುಡುಗ ಓದಿನಲ್ಲಿ ಮುಂದಿದ್ದ, ತಲೆನೋವು ಅಂದವನಲ್ಲ, ಹಾಗಾಗಿ ಮನೆಯವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಡಾಕ್ಟರ್ ಮೊದಲು ದಿನವಿಡೀ ಕನ್ನಡಕ ಹಾಕಲು ಹೇಳಿದರು. ಕೆಲವು ವಾರ ಬಿಟ್ಟು ನೋಡಿದಾಗ ಕನ್ನಡಕದಲ್ಲಿ 6/18ಕ್ಕೆ ಬಂದಿತ್ತು. ಆಮೇಲೆ ಒಳ್ಳೆ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪ್ಯಾಚ್ ಅಂಟಿಸಲು ಶುರು ಮಾಡಿಸಿದರು. ಇದು ಚಿಕ್ಕ ವಯಸ್ಸಿನಲ್ಲಿ ಸಿಕ್ಕಷ್ಟೂ ಒಳ್ಳೆಯದು. ಏಳೆಂಟು ವರ್ಷ ದಾಟುತ್ತಾ ಹೋದ ಹಾಗೆ ಕಣ್ಣು ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ.

ಹಳೆಯ ಕನ್ನಡಕದ ಮಾತು ಹೇಳಲೇಬೇಕು. ಮುರಿದದ್ದನ್ನು ತರಲು ಜನರಿಗೆ ನಾಚಿಕೆ. ದಾರ ಕಟ್ಟಿದ ಕಡ್ಡಿ, ಒಂದೇ ಗಾಜು ಉಳಿದ ಫ್ರೇಮ್, ಏನಾದರೂ ಸರಿ. ಗಾಜನ್ನು ಲೆನ್ಸೋಮೀಟರ್ ಮೇಲಿಟ್ಟರೆ ಹಳೆಯ ಪವರ್ ಗೊತ್ತಾಗುತ್ತದೆ. ಒಂದು ವರ್ಷದಲ್ಲಿ ಮೈನಸ್ ಎಷ್ಟು ಏರಿದೆ ಅನ್ನೋದು ಡಾಕ್ಟರಿಗೆ ಇವತ್ತಿನ ಪವರಿನಷ್ಟೇ ಮುಖ್ಯ. ಕೆಲವು ಸಲ ಕಣ್ಣಿನ ಪವರ್ ಬದಲಾಗಿರುವುದೇ ಇಲ್ಲ, ಗಾಜಿನ ತುಂಬ ಗೀರು ಬಿದ್ದಿರುತ್ತದೆ, ಅಥವಾ ಮೂಗಿನ ಮೇಲೆ ಕೆಳಕ್ಕೆ ಜಾರಿ ಮಗು ಅದರ ಮೇಲಿನಿಂದ ನೋಡುತ್ತಿರುತ್ತದೆ. ಅಂಥವರಿಗೆ ಕನ್ನಡಕ ಬಗ್ಗಿಸಿ ಸರಿ ಮಾಡಿಕೊಟ್ಟರೆ ಅರ್ಧ ತಕರಾರು ಮುಗಿಯುತ್ತದೆ.

ಕಾಡಿಗೆ, ಎಣ್ಣೆ ಬೇಡ ಅಂದರೆ ಅಜ್ಜಿಯಂದಿರಿಗೆ ಬೇಸರ. ಆದರೆ ಹಣೆಯ ಎಣ್ಣೆಗೆ ಟ್ರಯಲ್ ಫ್ರೇಮ್ ಜಾರುತ್ತದೆ, ಯಂತ್ರದ ಹಣೆಪಟ್ಟಿ ಜಿಡ್ಡಾಗುತ್ತದೆ. ಕಾಡಿಗೆ ಇದ್ದ ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಕೆನ್ನೆ ತುಂಬ ಕಪ್ಪು ನೀರು. ಹಸಿದ ಮಗು ಬೇಗ ಮುಗಿಸಬೇಕೆಂದು ಏನು ಕೇಳಿದರೂ ಹೂಂ ಅನ್ನುತ್ತದೆ, ಎರಡು ಗಾಜಿನಲ್ಲಿ ಯಾವುದು ಚೆನ್ನ ಅಂದರೂ ಹೂಂ!

ಶಿಬಿರದ ದಿನ ನಾವು ಫ್ರೇಮಿನ ಪೆಟ್ಟಿಗೆ ಒಯ್ಯುವುದಿಲ್ಲ. ಅಂಗಡಿಯವರು ತಪಾಸಣೆ ಮಾಡಿದರೆ ಎಲ್ಲರಿಗೂ ಕನ್ನಡಕ ಬರೆಯುತ್ತಾರೆ ಅನ್ನುವ ಅನುಮಾನ ಜನರಲ್ಲಿದೆ, ಅದು ಸುಳ್ಳೂ ಅಲ್ಲ. +0.25, -0.25 ಬರೆದುಕೊಟ್ಟು ವ್ಯಾಪಾರ ಮಾಡುವುದು ನನಗೆ ಬೇಡ. ಚೀಟಿ ಪೋಷಕರ ಕೈಯಲ್ಲಿದ್ದರೆ ಬೇರೆ ಕಡೆ ತೋರಿಸಿ ತಾಳೆ ನೋಡಬಹುದು.

ಪ್ರಕಟಣೆಯನ್ನು ಮೊಬೈಲ್ ಗ್ರೂಪಿಗೆ ಬಣ್ಣದ ಚಿತ್ರವಾಗಿ ಹಾಕುವುದಿಲ್ಲ. ಸಣ್ಣ ಅಕ್ಷರ ಓದಲು ಯಾರೂ ಹಿಗ್ಗಿಸಿ ನೋಡುವುದಿಲ್ಲ, ದೊಡ್ಡದಾಗಿ ಕಾಣುವುದು ಅಂಗಡಿ ಹೆಸರು ಮಾತ್ರ. ಬರೀ ಅಕ್ಷರದಲ್ಲಿ ಕಳಿಸುತ್ತೇನೆ. ಒಂದು ವಾರ ಮೊದಲು ಡೈರಿ ಚೀಟಿ ಹೋಗುತ್ತದೆ, ಅದರ ಕೆಳಗಿನ ಅರ್ಧ ಹರಿದು ಸಹಿ ಮಾಡಿ ಶುಕ್ರವಾರದೊಳಗೆ ಕ್ಲಾಸ್ ಟೀಚರಿಗೆ ಕೊಡಬೇಕು. ಎಷ್ಟು ಚೀಟಿ ಬಂತು ನೋಡಿ ಮೇಜು ಎಷ್ಟು, ಜನ ಎಷ್ಟು ಅಂತ ಶನಿವಾರ ತೀರ್ಮಾನಿಸುತ್ತೇವೆ. ಶನಿವಾರ ಸಂಜೆ ಗ್ರೂಪಿಗೆ ಎರಡೇ ಸಾಲು: ನಿಮ್ಮ ಮಗುವಿನ ಸಮಯ ಇಷ್ಟಕ್ಕೆ, ಹಳೆಯ ಕನ್ನಡಕ ಮರೆಯಬೇಡಿ.