ಒಂದೇ ಕಂಪನಿಯ ಮೂರು ಹುದ್ದೆಗೆ ಎರಡು ಇಮೇಲ್: ನನ್ನ ಅನುಭವ

ಕೆಲಸ ಹುಡುಕುತ್ತಿದ್ದಾಗ ಒಂದೇ ಕಂಪನಿಯಲ್ಲಿ ನನಗೆ ಹೊಂದುವಂಥ ಮೂರು ಹುದ್ದೆ ಕಂಡವು: ಟೆಕ್ನಿಕಲ್ ರೈಟರ್, ಸೀನಿಯರ್ ಟೆಕ್ನಿಕಲ್ ರೈಟರ್, ಮತ್ತು ಗ್ರಾಹಕರಿಗೆ ಸಾಫ್ಟ್‌ವೇರ್ ಬಳಕೆ ಕಲಿಸುವ ಟ್ರೈನರ್. ಮೂರಕ್ಕೂ ಒಂದೇ ಎಚ್‌ಆರ್ ವಿಳಾಸ. ಪ್ರತಿ ಹುದ್ದೆಗೂ ಬೇರೆ ಅರ್ಜಿ ಕಳಿಸಿ ಎಂದು ಜಾಹೀರಾತಿನಲ್ಲೇ ಬರೆದಿದ್ದರೆ ಯೋಚಿಸಬೇಕಾದ ಪ್ರಮೇಯವೇ ಇರುತ್ತಿರಲಿಲ್ಲ. ಅಂಥದ್ದೇನೂ ಇರಲಿಲ್ಲ.

ನಮ್ಮ ಇಮೇಲ್ ಎಚ್‌ಆರ್‌ ಹತ್ತಿರವೇ ಉಳಿಯುವುದಿಲ್ಲ. ಎಷ್ಟೋ ಸಲ ಅದನ್ನು ಇದ್ದ ಹಾಗೇ ಆ ತಂಡದ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿಬಿಡುತ್ತಾರೆ. ಅದಕ್ಕೇ ಹುದ್ದೆ ಎಷ್ಟಿವೆ ಎಂದು ಎಣಿಸುವ ಬದಲು, ಕೊನೆಗೆ ಓದುವವರು ಯಾರು ಎಂದು ನೋಡಿದೆ. ರೈಟರ್ ಹುದ್ದೆಗಳೆರಡೂ ಡಾಕ್ಯುಮೆಂಟೇಶನ್ ಮ್ಯಾನೇಜರ್ ಕೈಕೆಳಗೆ ಎಂದು ಜಾಹೀರಾತಿನಲ್ಲೇ ಇತ್ತು. ಅವೆರಡಕ್ಕೂ ಸೇರಿಸಿ ಒಂದೇ ಇಮೇಲ್ ಬರೆದೆ. ವಿಷಯದ ಸಾಲಿನಲ್ಲಿ ಎರಡರ ಹೆಸರನ್ನೂ ಉದ್ಯೋಗ ಸಂಖ್ಯೆಯನ್ನೂ ಹಾಕಿದೆ:

```
Application: Senior Technical Writer (TW-118), Technical Writer (TW-114)
```

ಒಳಗೆ ಮೊದಲ ಪ್ಯಾರಾದಲ್ಲೇ, "ನನ್ನ ಮೊದಲ ಆಯ್ಕೆ ಸೀನಿಯರ್ ಹುದ್ದೆ. ಅನುಭವ ಸಾಲದು ಎನಿಸಿದರೆ ಇನ್ನೊಂದಕ್ಕೆ ಪರಿಗಣಿಸಿ" ಎಂದು ನೇರವಾಗಿ ತಿಳಿಸಿದೆ. ಯಾವುದಾದರೂ ಸರಿ ಎಂದು ಬರೆದರೆ ಆಯ್ಕೆಯ ಭಾರವನ್ನು ಓದುವವರ ತಲೆಗೆ ಕಟ್ಟಿದಂತೆ. ರೆಸ್ಯೂಮೆ ಒಂದೇ.

ಟ್ರೈನರ್ ಹುದ್ದೆ ಬೇರೆ ವಿಭಾಗದ್ದು. ಅದನ್ನೂ ಇದೇ ಇಮೇಲ್‌ಗೆ ತುರುಕಿದ್ದರೆ, ತಮ್ಮ ತಂಡದ ಹುದ್ದೆ ಈ ಅಭ್ಯರ್ಥಿಗೆ ಮೂರನೆಯ ಆಯ್ಕೆ ಎಂಬುದನ್ನು ಆ ವಿಭಾಗದ ಮ್ಯಾನೇಜರ್ ಮೊದಲ ಸಾಲಿನಲ್ಲೇ ಓದುತ್ತಿದ್ದರು. ಅಂಥ ಅರ್ಜಿಯನ್ನು ಯಾರು ಮುಂದೆ ಓದುತ್ತಾರೆ? ಹಾಗಾಗಿ ಅದಕ್ಕೆ ಬೇರೆ ಇಮೇಲ್, ಬೇರೆ ರೆಸ್ಯೂಮೆ. ಹೊಸಬರಿಗೆ ನಾನು ನಡೆಸಿದ್ದ ತರಬೇತಿಗಳು ಮೇಲಕ್ಕೆ ಬಂದವು, ಬರೆದ ಕೈಪಿಡಿಗಳು ಕೆಳಕ್ಕೆ ಹೋದವು. ಹಳೆಯ ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ತಿಂಗಳು ಮಾತ್ರ ಎರಡರಲ್ಲೂ ಅಕ್ಷರಶಃ ಒಂದೇ. ಅರ್ಜಿಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದೇ ಇಮೇಲ್ ವಿಳಾಸದಿಂದ ಬಂದದ್ದನ್ನೆಲ್ಲ ಒಬ್ಬ ಅಭ್ಯರ್ಥಿಯ ಹೆಸರಿನಡಿ ತೋರಿಸುತ್ತದೆ. ಅಲ್ಲಿ ಎರಡು ರೆಸ್ಯೂಮೆ ಎರಡು ಕಥೆ ಹೇಳಿದರೆ ಅನುಮಾನ ಬರುವುದು ಸಹಜ.

ಇದೇ ಕಾರಣಕ್ಕೆ, "ಇದೇ ಕಂಪನಿಯ ಟೆಕ್ನಿಕಲ್ ರೈಟರ್ ಹುದ್ದೆಗಳಿಗೂ ಅರ್ಜಿ ಹಾಕಿದ್ದೇನೆ" ಎಂಬ ಒಂದು ಸಾಲನ್ನು ಟ್ರೈನರ್ ಇಮೇಲ್‌ನ ಕೊನೆಯಲ್ಲಿ ಸೇರಿಸಿದೆ. ಯಾವುದು ಹೆಚ್ಚು ಇಷ್ಟ ಎಂಬ ಮಾತನ್ನು ಅಲ್ಲಿ ಎತ್ತಲಿಲ್ಲ. ಮೊದಲ ಇಮೇಲ್‌ಗೆ ರಿಪ್ಲೈ ಆಗಿಯೂ ಕಳಿಸಲಿಲ್ಲ, ಹೊಸದಾಗಿ ತೆರೆದು ಬರೆದೆ. ಇಲ್ಲದಿದ್ದರೆ ಎರಡೂ ಒಂದೇ ಸಂಭಾಷಣೆಯಾಗಿ ಅಂಟಿಕೊಂಡು ಎರಡನೆಯದು ಕಣ್ತಪ್ಪಿ ಹೋಗಬಹುದು. ಫೈಲ್ ಹೆಸರಿನಲ್ಲೂ ಹುದ್ದೆಯ ಹೆಸರಿತ್ತು.

ಎಚ್‌ಆರ್ ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆಯೇ, "ಟ್ರೈನರ್‌ಗೂ ಹಾಕಿದ್ದೀರಲ್ಲ, ನಿಜವಾಗಿ ಯಾವುದು ಬೇಕು?" ಬರೆಯುವ ಕೆಲಸವೇ ಮೊದಲು, ಕಲಿಸುವುದೂ ಮಾಡಿ ಗೊತ್ತಿದೆ ಎಂದೆ. ಸೀನಿಯರ್ ಹುದ್ದೆ ಸಿಗಲಿಲ್ಲ. ಆದರೆ ಅದೇ ಇಮೇಲ್ ಇಟ್ಟುಕೊಂಡು ಡಾಕ್ಯುಮೆಂಟೇಶನ್ ಮ್ಯಾನೇಜರ್ ಇನ್ನೊಂದು ರೈಟರ್ ಹುದ್ದೆಗೆ ಸಂದರ್ಶನ ಮಾಡಿದರು, ಮತ್ತೆ ಅರ್ಜಿ ಕೇಳಲಿಲ್ಲ.